ಡೀಲಿಸ್ಟಿಂಗ್‌ನಲ್ಲಿ ಷೇರು ಕೊಡದೆ ಉಳಿದರೆ ಎಂತ ಆಗ್ತದೆ? ಕಾಸರಗೋಡಿನ ಸಣ್ಣ ಷೇರುದಾರರಿಗೊಂದು ಮಾರ್ಗದರ್ಶಿ

ಕಾಸರಗೋಡಿನ ಹಳೆಯ ಮನೆಗಳ ಕಪಾಟಿನಲ್ಲಿ ಜಾಗದ ಆಧಾರಪತ್ರಗಳ ಜೊತೆಗೆ ಒಂದೆರಡು ಷೇರು ಸರ್ಟಿಫಿಕೇಟೂ ಸಿಗುವುದುಂಟು. 1973ರ ವಿದೇಶಿ ವಿನಿಮಯ ಕಾಯ್ದೆ ಬಂದ ಮೇಲೆ ಹಲವು ವಿದೇಶಿ ಕಂಪನಿಗಳು ತಮ್ಮ ಪಾಲನ್ನು ಶೇ. 40ಕ್ಕೆ ಇಳಿಸಿ ಉಳಿದದ್ದನ್ನು ಭಾರತೀಯರಿಗೆ ಮಾರಬೇಕಾಯಿತು. ಆ ಕಾಲದಲ್ಲಿ ಸ್ವಲ್ಪ ದುಡ್ಡು ಹಾಕಿ ತೆಗೆದುಕೊಂಡ ಕಾಗದಗಳವು. ಕಾನೂನು ಸಡಿಲಾದ ಮೇಲೆ ಅಂಥ ಕಂಪನಿಗಳ ಒಡೆಯರಲ್ಲಿ ಕೆಲವರು ಕೊಟ್ಟದ್ದನ್ನು ವಾಪಸು ಪಡೆದು ಷೇರುಪೇಟೆಯಿಂದ ಹೊರನಡೆದರು. ಈಗ ದೇಶೀ ಕಂಪನಿಗಳೂ ಅದೇ ದಾರಿ ಹಿಡಿಯುತ್ತಿವೆ. ಇದಕ್ಕೇ ಡೀಲಿಸ್ಟಿಂಗ್ ಎನ್ನುವುದು.

ವಿಷಯ ಸುಲಭವಾಗಲಿ ಎಂದು ಬದಿಯಡ್ಕದ ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ತೀರಿಹೋದ ಅಜ್ಜನ ಹೆಸರಿನಲ್ಲಿ 200 ಷೇರು ಇವೆ. ಮುಂಬಯಿಯಿಂದ ದಪ್ಪ ಲಕೋಟೆ ಬಂದಿದೆ, ಒಳಗೆ ಐವತ್ತು ಪುಟದ ಇಂಗ್ಲಿಷ್. ಓದಿದ ಮಗಳು ಕೇಳುತ್ತಾಳೆ: "ಅಪ್ಪ, ನಾವು ಇದನ್ನು ಕೊಡದಿದ್ದರೆ ಎಂತ ಆಗ್ತದೆ?"

ಉತ್ತರ ನಿಂತಿರುವುದು ಶೇ. 90 ಎಂಬ ಒಂದು ಗೆರೆಯ ಮೇಲೆ. ಒಡೆಯರ ಪಾಲು ಆ ಗೆರೆ ಮುಟ್ಟುವ ಮೊದಲು ನೀವು ಬೇಡ ಎಂದರೆ ಅದಕ್ಕೆ ತೂಕವಿದೆ. ಮುಟ್ಟಿದ ಮೇಲೆ ಬೇಡ ಎಂದವರಿಗೆ ಷೇರೇನೋ ಉಳಿಯುತ್ತದೆ, ಆದರೆ ಬೆಲೆ ಕೇಳುವ ಬಲ ಬಹುಪಾಲು ಹೋಗುತ್ತದೆ.

ಮೊದಲು: ಇದು ಯಾವ ಬಗೆಯ ಡೀಲಿಸ್ಟಿಂಗ್ ಎಂದು ನೋಡಿ

ಲಕೋಟೆಯ ಮೊದಲ ಪುಟದಲ್ಲೇ ಇದು ತಿಳಿಯುತ್ತದೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ 2021ರ ಡೀಲಿಸ್ಟಿಂಗ್ ನಿಯಮಗಳ ಪ್ರಕಾರ ಒಡೆಯರು ತಾವಾಗಿ ಕೊಂಡುಕೊಳ್ಳುತ್ತಿದ್ದರೆ ಅದು ಸ್ವಯಂಪ್ರೇರಿತ ಡೀಲಿಸ್ಟಿಂಗ್. ಈ ಲೇಖನ ಮುಖ್ಯವಾಗಿ ಅದರ ಬಗ್ಗೆ. ಬೇರೆ ಎರಡು ಬಗೆಗಳಲ್ಲಿ "ಕೊಡುವುದಿಲ್ಲ" ಎನ್ನುವ ಆಯ್ಕೆಯೇ ಇರುವುದಿಲ್ಲ.

ಒಂದು, ಷೇರು ವಿನಿಮಯ ಯೋಜನೆ. ಐಸಿಐಸಿಐ ಸೆಕ್ಯುರಿಟೀಸ್ 2025ರ ಮಾರ್ಚಿನಲ್ಲಿ ಪೇಟೆಯಿಂದ ಹೊರಗೆ ಹೋದದ್ದು ಹೀಗೆ. ಅದರ ಪ್ರತಿ 100 ಷೇರಿಗೆ ಐಸಿಐಸಿಐ ಬ್ಯಾಂಕಿನ 67 ಷೇರು ಸಿಕ್ಕಿತು. ಸಾರ್ವಜನಿಕ ಷೇರುದಾರರಲ್ಲಿ ಸುಮಾರು ಶೇ. 72 ಮತ ಪರವಾಗಿ ಬಿತ್ತು, ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ, ಅಂದರೆ ಎನ್‌ಸಿಎಲ್‌ಟಿ, ಒಪ್ಪಿಗೆ ಕೊಟ್ಟಿತು. ವಿರೋಧಿಸಿದವರ ಷೇರೂ ಅದೇ ಲೆಕ್ಕದಲ್ಲಿ ಬದಲಾಯಿತು. ಇಂಥಲ್ಲಿ ವಿರೋಧವಿದ್ದರೆ ಮತದಾನದಲ್ಲೋ ನ್ಯಾಯಮಂಡಳಿಯಲ್ಲೋ ಹೇಳಬೇಕು, ಷೇರು ಬಿಗಿಹಿಡಿದು ಕೂತು ಏನೂ ಆಗದು.

ಇನ್ನೊಂದು, ದಿವಾಳಿ ಪ್ರಕ್ರಿಯೆ. ಸಾಲ ಕೊಟ್ಟವರಿಗೇ ಪೂರ್ತಿ ದುಡ್ಡು ಸಿಗದಿರುವಾಗ ಷೇರುದಾರರ ಸರದಿ ಬರುವುದೇ ಇಲ್ಲ. 2021ರಲ್ಲಿ ಡಿಎಚ್‌ಎಫ್‌ಎಲ್ ಷೇರು ಇಟ್ಟುಕೊಂಡಿದ್ದವರಿಗೆ ಸಿಕ್ಕಿದ್ದು ಸೊನ್ನೆ.

ಮತದಾನ ಬಂದಾಗ ಸುಮ್ಮನೆ ಕೂರಬೇಡಿ

ಸ್ವಯಂಪ್ರೇರಿತ ಡೀಲಿಸ್ಟಿಂಗ್‌ನಲ್ಲಿ ಕಂಪನಿ ಮೊದಲು ಅಂಚೆ ಮತ ಮತ್ತು ಇ-ವೋಟಿಂಗ್ ಮೂಲಕ ವಿಶೇಷ ನಿರ್ಣಯ ಪಾಸು ಮಾಡಿಸಬೇಕು. ಸಾರ್ವಜನಿಕ ಷೇರುದಾರರು ಹಾಕಿದ ಮತಗಳಲ್ಲಿ ಪರವಾದವು ವಿರುದ್ಧವಾದವುಗಳ ಕನಿಷ್ಠ ಎರಡು ಪಟ್ಟು ಇರಬೇಕು. ಎಣಿಸುವುದು ಹಾಕಿದ ಮತವನ್ನು ಮಾತ್ರ. ಮನಸ್ಸಿನಲ್ಲೇ ಬೇಡ ಎಂದು ಲಕೋಟೆಯನ್ನು ಮೇಜಿನ ಮೇಲೆ ಬಿಟ್ಟವರ ಷೇರು ಯಾವ ಕಡೆಗೂ ಲೆಕ್ಕಕ್ಕಿಲ್ಲ.

ನಮ್ಮ ಕಡೆಯವರಿಗೆ ಇಲ್ಲೊಂದು ತೊಂದರೆ ಇದೆ. ಪ್ರಕಟಣೆ ಬರುವುದು ಒಂದು ಇಂಗ್ಲಿಷ್, ಒಂದು ಹಿಂದಿ ಮತ್ತು ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ. ಮುಂಬಯಿಯ ಷೇರುಪೇಟೆಯಾದರೆ ಆ ಪ್ರಾದೇಶಿಕ ಭಾಷೆ ಮರಾಠಿ. ಕನ್ನಡ ಪತ್ರಿಕೆಯನ್ನೋ ಮಲಯಾಳ ಪತ್ರಿಕೆಯನ್ನೋ ಓದುವ ಮನೆಗೆ ಅದು ಕಾಣುವುದೇ ಇಲ್ಲ. ಅಂಚೆಯೂ ತಪ್ಪುತ್ತದೆ. 1984ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯಾಗುವವರೆಗೆ ನಾವು ಕಣ್ಣೂರು ಜಿಲ್ಲೆಯವರು. ಹಳೆಯ ಫೋಲಿಯೋಗಳಲ್ಲಿ ಇವತ್ತಿಗೂ ಅದೇ ವಿಳಾಸ ಇರುವುದುಂಟು, ಪಂಚಾಯತಿನ ಮನೆ ನಂಬರಂತೂ ಆಮೇಲೆ ಬದಲಾಗಿರುತ್ತದೆ. ಆದ್ದರಿಂದ ಕಂಪನಿಯ ಷೇರುದಾರರ ದಾಖಲೆ ಇಡುವ ರಿಜಿಸ್ಟ್ರಾರ್ ಬಳಿ ವಿಳಾಸ, ಮೊಬೈಲ್, ಇಮೇಲ್ ಸರಿಯಾಗಿದೆಯೇ ಎಂದು ಈಗಲೇ ನೋಡಿಕೊಳ್ಳಿ.

ಶೇ. 90ರ ಲೆಕ್ಕ

ನಿರ್ಣಯ ಪಾಸಾದ ಮೇಲೆ ಬೆಲೆಯ ಸರದಿ. ಹಳೆಯ ದಾರಿ ರಿವರ್ಸ್ ಬುಕ್ ಬಿಲ್ಡಿಂಗ್. ಯಾವ ಬೆಲೆಗೆ ಕೊಡುತ್ತೇವೆ ಎಂದು ಷೇರುದಾರರೇ ಬ್ರೋಕರರ ಮೂಲಕ ಬಿಡ್ ಹಾಕುತ್ತಾರೆ. ಅದಕ್ಕೆ ಐದು ಕೆಲಸದ ದಿನ ಅವಕಾಶ.

ನಮ್ಮ ಉದಾಹರಣೆಯ ಕಂಪನಿಯಲ್ಲಿ ಒಟ್ಟು 100 ಲಕ್ಷ ಷೇರು, ಒಡೆಯರ ಬಳಿ 75 ಲಕ್ಷ ಇವೆ ಎನ್ನೋಣ. 90 ಮುಟ್ಟಲು 15 ಲಕ್ಷ ಬೇಕು. ತಳಬೆಲೆ, ಅಂದರೆ ಬಿಡ್‌ಗೆ ಇರುವ ಕನಿಷ್ಠ ಬೆಲೆ, 300 ರೂಪಾಯಿ. 5 ಲಕ್ಷ ಷೇರು 320ಕ್ಕೆ, 6 ಲಕ್ಷ 360ಕ್ಕೆ, 4 ಲಕ್ಷ 450ಕ್ಕೆ, 3 ಲಕ್ಷ 600ಕ್ಕೆ ಬಂದಿವೆ. ಕೆಳಗಿನಿಂದ ಕೂಡಿಸುತ್ತಾ ಹೋದರೆ 75 ಇದ್ದದ್ದು 80 ಆಗುತ್ತದೆ, ಆಮೇಲೆ 86, ಆಮೇಲೆ 90. ಗೆರೆ ಮುಟ್ಟಿದ್ದು 450ರಲ್ಲಿ, ಹಾಗಾಗಿ ಅದೇ ಬೆಲೆ. 320 ಎಂದು ಬರೆದವರಿಗೂ 450 ಸಿಗುತ್ತದೆ. 600 ಎಂದವರ ಷೇರು ವಾಪಸು ಬರುತ್ತದೆ. (ನಿಜವಾದ ಲೆಕ್ಕದಲ್ಲಿ ವರ್ಷಗಟ್ಟಲೆ ಡಿವಿಡೆಂಡ್ ಪಡೆಯದವರ ಷೇರು ಸೇರುವ ಸರ್ಕಾರಿ ನಿಧಿ ಐಇಪಿಎಫ್‌ನಲ್ಲಿರುವ ಷೇರುಗಳಂಥ ಕೆಲವನ್ನು ಬಿಟ್ಟು ಎಣಿಸುತ್ತಾರೆ.)

450 ಜಾಸ್ತಿಯಾಯಿತು ಎನಿಸಿದರೆ ಒಡೆಯರು ಬೇಡ ಎನ್ನಬಹುದು, ನಿಯಮದೊಳಗೆ ಪ್ರತಿ-ಬೆಲೆಯನ್ನೂ ಹೇಳಬಹುದು. ಕೊನೆಗೂ 90 ಮುಟ್ಟದಿದ್ದರೆ ಎಲ್ಲವೂ ರದ್ದು. 2020ರಲ್ಲಿ ವೇದಾಂತ ಕಂಪನಿಗೆ ಹೀಗೇ ಆಯಿತು. ಬೇಕಿದ್ದದ್ದು ಸುಮಾರು 134 ಕೋಟಿ ಷೇರು, ಖಾತ್ರಿಯಾಗಿ ಬಂದದ್ದು ಸುಮಾರು 125 ಕೋಟಿ. ತಳಬೆಲೆ 87.25 ಇದ್ದಾಗ ಎಲ್ಐಸಿ 320ಕ್ಕೆ ಬಿಡ್ ಹಾಕಿತ್ತು. ಆ ಕಂಪನಿ ಪೇಟೆಯಲ್ಲೇ ಉಳಿಯಿತು. ಸಣ್ಣವರ ನಿರಾಕರಣೆಗೆ ದೊಡ್ಡವರ ಜೊತೆ ಸಿಕ್ಕಿದಾಗ ಹೀಗಾಗುತ್ತದೆ. ಆದ್ದರಿಂದ ಬೇಡ ಎನ್ನುವ ಮೊದಲು ಕಂಪನಿಯ ಷೇರುದಾರರ ಪಟ್ಟಿಯಲ್ಲಿ ಎಲ್ಐಸಿ, ಮ್ಯೂಚುವಲ್ ಫಂಡ್‌ಗಳು ಎಷ್ಟಿವೆ ಎಂದು ನೋಡಿ. ಅವರೆಲ್ಲ ಸೇರಿ ಶೇ. 10ಕ್ಕಿಂತ ಹೆಚ್ಚು ಇದ್ದರೆ ನಿಜವಾದ ಚೌಕಾಸಿ ನಡೆಯುವುದು ಅವರ ಕೈಯಲ್ಲಿ.

2024ರ ತಿದ್ದುಪಡಿಯ ನಂತರ ಇನ್ನೊಂದು ದಾರಿಯೂ ಇದೆ. ಷೇರು ಚೆನ್ನಾಗಿ ವಹಿವಾಟಾಗುತ್ತಿದ್ದರೆ ತಳಬೆಲೆಗಿಂತ ಕನಿಷ್ಠ ಶೇ. 15 ಹೆಚ್ಚಿನ ಒಂದೇ ನಿಗದಿತ ಬೆಲೆಯನ್ನು ಒಡೆಯರು ಹೇಳಬಹುದು. ಆಗ ನಿಮಗೆ ಬೆಲೆ ಬರೆಯುವ ಕೆಲಸವಿಲ್ಲ, ಕೊಡುವುದೋ ಬಿಡುವುದೋ ಅಷ್ಟೇ. 90ರ ಗೆರೆ ಅಲ್ಲೂ ಇದೆ.

ಕೊಡದೆ ಉಳಿದವರಿಗೆ ಒಂದು ವರ್ಷ

90 ಮುಟ್ಟಿತು, ಕಂಪನಿ ಪೇಟೆಯಿಂದ ಹೊರಗೆ ಹೋಯಿತು, ನೀವು ಕೊಟ್ಟಿಲ್ಲ. ಷೇರು ಸತ್ತಿಲ್ಲ. ಷೇರನ್ನು ಕಾಗದವಿಲ್ಲದೆ ಕಂಪ್ಯೂಟರಿನಲ್ಲಿ ಇಡುವ ಡಿಮ್ಯಾಟ್ ಖಾತೆಯಲ್ಲಿ ಹಾಗೆಯೇ ಕಾಣುತ್ತದೆ, ಎದುರಿಗೆ ಬೆಲೆ ಮಾತ್ರ ಇರುವುದಿಲ್ಲ. ಡೀಲಿಸ್ಟ್ ಆದ ದಿನದಿಂದ ಕನಿಷ್ಠ ಒಂದು ವರ್ಷ ಅದೇ ಬೆಲೆಗೆ, ಅಂದರೆ ನಮ್ಮ ಲೆಕ್ಕದಲ್ಲಿ 450ಕ್ಕೆ, ನಿಮ್ಮ ಷೇರು ಕೊಳ್ಳುವುದು ಒಡೆಯರ ಕರ್ತವ್ಯ. 600 ಕೇಳಿ ಸೋತವರಿಗೂ ಇದೇ ಬೆಲೆ. ಮೂರು ತಿಂಗಳಿಗೊಮ್ಮೆ ನೆನಪಿನ ಕಾಗದವನ್ನೂ ಕಳಿಸಬೇಕು. ವರ್ಷ ಎಣಿಸುವುದು ಷೇರುಪೇಟೆಯ ಸುತ್ತೋಲೆಯಲ್ಲಿರುವ ತಾರೀಖಿನಿಂದ. ನಿಮ್ಮ ಕೈಗೆ ಕಾಗದ ಸಿಕ್ಕ ದಿನಕ್ಕೂ ಅದಕ್ಕೂ ಸಂಬಂಧವಿಲ್ಲ.

ಈಗ ಕೊಡುವ ಕ್ರಮ ಬೇರೆ. ಷೇರುಪೇಟೆ ನಡುವೆ ಇಲ್ಲ. ಎಕ್ಸಿಟ್ ಲೆಟರ್‌ನಲ್ಲಿ ಒಂದು ಡಿಮ್ಯಾಟ್ ಖಾತೆಯ ನಂಬರ್ ಕೊಟ್ಟಿರುತ್ತಾರೆ. ನಿಮ್ಮ ಡಿಪಿ, ಅಂದರೆ ಡಿಮ್ಯಾಟ್ ಖಾತೆ ನಡೆಸುವ ಬ್ಯಾಂಕ್ ಅಥವಾ ಬ್ರೋಕರ್ ಬಳಿ ಡೆಲಿವರಿ ಇನ್‌ಸ್ಟ್ರಕ್ಷನ್ ಸ್ಲಿಪ್ ಬರೆದು ಆ ಖಾತೆಗೆ ಆಫ್-ಮಾರ್ಕೆಟ್ ವರ್ಗಾವಣೆ ಮಾಡಬೇಕು. ಸ್ಲಿಪ್ಪಿನ ಪ್ರತಿಯನ್ನು ಅರ್ಜಿ ಫಾರಂ ಜೊತೆ ರಿಜಿಸ್ಟ್ರಾರ್‌ಗೆ ಕಳಿಸಬೇಕು. ಷೇರು ಹೋಗಿ ಫಾರಂ ಹೋಗದಿದ್ದರೆ ದುಡ್ಡು ತಡೆದು ನಿಲ್ಲುತ್ತದೆ. ಹಾಗಾಗಿ ಫಾರಂ ಮುಟ್ಟಿದೆಯೇ ಎಂದು ಇಮೇಲ್ ಮಾಡಿ ಕೇಳಿಕೊಳ್ಳಿ. ಒಂದು ವರ್ಷದೊಳಗೆ ಸರಿಯಾಗಿ ಕೊಟ್ಟರೂ ದುಡ್ಡು ಬಾರದಿದ್ದರೆ ಸೆಬಿಯ scores.sebi.gov.in ತಾಣದಲ್ಲಿ ದೂರು ಹಾಕಬಹುದು.

ಕಾಗದದ ಷೇರು ಇದ್ದರೆ ವರ್ಷ ಬೇಗ ಕಳೆಯುತ್ತದೆ. 2018ರ ಅಕ್ಟೋಬರ್ 2ರಿಂದ, ಪೇಟೆಯಲ್ಲಿಲ್ಲದ ಪಬ್ಲಿಕ್ ಕಂಪನಿಯ ಷೇರನ್ನು ಡಿಮ್ಯಾಟ್ ಮಾಡದೆ ವರ್ಗಾಯಿಸುವಂತಿಲ್ಲ. ನಮ್ಮ ಬದಿಯಡ್ಕದ ಮನೆಯಲ್ಲಿ ಷೇರು ಅಜ್ಜನ ಹೆಸರಿನಲ್ಲಿದೆ. ಮೊದಲು ಮರಣ ಪ್ರಮಾಣಪತ್ರ, ಆಮೇಲೆ ವಿಲೇಜ್ ಮತ್ತು ತಾಲೂಕು ಆಫೀಸಿನ ಮೂಲಕ ವಾರಸುದಾರರ ಪತ್ರ, ಉಳಿದ ವಾರಸುದಾರರ ಒಪ್ಪಿಗೆ. ಇಷ್ಟಾದ ಮೇಲೆ ರಿಜಿಸ್ಟ್ರಾರ್ ಹೆಸರು ಬದಲಿಸುತ್ತಾನೆ, ಅದರ ಮೇಲೆ ಡಿಮ್ಯಾಟ್. ಸರ್ಟಿಫಿಕೇಟಿನಲ್ಲಿ ಮನೆತನದ ಹೆಸರು ಮುಂದೆ, ಆಧಾರಿನಲ್ಲಿ ಅದು ಬರೀ ಇನಿಷಿಯಲ್, ವಾರಸುದಾರರ ಪತ್ರದಲ್ಲಿ ಮಲಯಾಳದ ಉಚ್ಚಾರಕ್ಕೆ ತಕ್ಕ ಹಾಗೆ ಇನ್ನೊಂದು ಸ್ಪೆಲ್ಲಿಂಗ್. "ಇಬ್ಬರೂ ಒಬ್ಬರೇ" ಎಂಬ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಂಡರೆ ಒಂದು ಸುತ್ತಿನ ಆಕ್ಷೇಪಣೆ ತಪ್ಪುತ್ತದೆ. ಇದೆಲ್ಲ ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಕೊಡುವುದೋ ಬೇಡವೋ ಎಂದು ತೀರ್ಮಾನವಾಗುವ ಮೊದಲೇ ಶುರುಮಾಡಿ.

ಏಳು ವರ್ಷ ಸತತವಾಗಿ ಡಿವಿಡೆಂಡ್ ಪಡೆಯದೆ ಬಿಟ್ಟಿದ್ದರೆ ಷೇರು ಐಇಪಿಎಫ್ ನಿಧಿಗೆ ಹೋಗಿರುತ್ತದೆ. ಅಂಥ ಷೇರನ್ನು ಡೀಲಿಸ್ಟಿಂಗ್‌ನಲ್ಲಿ ನಿಧಿಯೇ ಒಪ್ಪಿಸಿಬಿಡುತ್ತದೆ, ನಿಮಗೆ ಆಮೇಲೆ ಸಿಗುವುದು ಅದರ ದುಡ್ಡು ಮಾತ್ರ.

ತೆರಿಗೆ: ಒಂದೇ 450ಕ್ಕೆ ಎರಡು ಲೆಕ್ಕ

ಬಿಡ್ ಸಮಯದಲ್ಲಿ ಕೊಟ್ಟರೂ 450, ಆಮೇಲೆ ಕೊಟ್ಟರೂ 450, ಮತ್ತೆ ಯಾಕೆ ಗಡಿಬಿಡಿ ಎಂದು ಅನೇಕರು ಯೋಚಿಸುತ್ತಾರೆ. ಕೈಗೆ ಉಳಿಯುವ ದುಡ್ಡು ಒಂದೇ ಅಲ್ಲ.

ಬಿಡ್ ಸಮಯದಲ್ಲಿ ಷೇರುಪೇಟೆಯ ಮೂಲಕ, ಷೇರು ವಹಿವಾಟಿನ ತೆರಿಗೆಯಾದ ಎಸ್‌ಟಿಟಿ ಕಟ್ಟಿ ಕೊಟ್ಟರೆ ಎರಡು ಅನುಕೂಲಗಳಿವೆ. ಹಳೆಯ ಷೇರಿಗೆ 2018ರ ಜನವರಿ 31ರ ಪೇಟೆ ಬೆಲೆಯನ್ನೇ ಕೊಂಡ ಬೆಲೆಯಾಗಿ ಹಿಡಿಯಬಹುದು. ವರ್ಷಕ್ಕೆ 1.25 ಲಕ್ಷದವರೆಗಿನ ದೀರ್ಘಾವಧಿ ಲಾಭಕ್ಕೆ ತೆರಿಗೆಯೂ ಇಲ್ಲ. 2018ರ ಆ ದಿನ ಷೇರಿಗೆ 380 ಇತ್ತು ಎನ್ನೋಣ. ಲಾಭ ಷೇರಿಗೆ 70ರಂತೆ 200ಕ್ಕೆ 14,000. ತೆರಿಗೆ ಸೊನ್ನೆ.

ಡೀಲಿಸ್ಟ್ ಆದ ಮೇಲೆ ಆಫ್-ಮಾರ್ಕೆಟ್ ಕೊಟ್ಟರೆ ಎರಡೂ ಅನುಕೂಲ ಹೋಗುತ್ತವೆ. 2001ಕ್ಕೆ ಮೊದಲಿನ ಷೇರಾದ್ದರಿಂದ 2001ರ ಏಪ್ರಿಲ್ 1ರ ಬೆಲೆಯನ್ನು ತೆಗೆದುಕೊಳ್ಳಬಹುದು, ಅದು 50 ಎನ್ನೋಣ. ಲಾಭ ಷೇರಿಗೆ 400, ಒಟ್ಟು 80,000. ಅದಕ್ಕೆ ಶೇ. 12.5 ಎಂದರೆ 10,000, ಸೆಸ್ ಸೇರಿ 10,400. ಬೇರೆ ಆದಾಯ ಕಡಿಮೆ ಇರುವವರಿಗೆ ಇದು ಸ್ವಲ್ಪ ಇಳಿಯಬಹುದು. ಇನ್ನೊಂದು, ಪೇಟೆಯಲ್ಲಿಲ್ಲದ ಷೇರು ದೀರ್ಘಾವಧಿ ಎನಿಸಿಕೊಳ್ಳಲು 24 ತಿಂಗಳು ದಾಟಿರಬೇಕು, ಪೇಟೆಯಲ್ಲಿದ್ದಾಗ ಸಾಕಾಗುತ್ತಿದ್ದ 12 ತಿಂಗಳು ಸಾಲದು.

ನನ್ನ ಅಭಿಪ್ರಾಯ ಕೇಳಿದರೆ: ಕಂಪನಿಯನ್ನು ಬಹಳ ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದರೆ ಮಾತ್ರ ಬಿಡ್ ಸಮಯವನ್ನು ಬಿಡಿ. "ಆಮೇಲೆ ನೋಡುವ" ಎಂದು ವರ್ಷದೊಳಗೆ ಕೊಡುವುದು ಎರಡೂ ಕಡೆಯಿಂದ ನಷ್ಟದ ದಾರಿ.

ವರ್ಷ ಕಳೆದ ಮೇಲೆ

ಈಗ ಯಾರೂ ಕೊಳ್ಳಲೇಬೇಕೆಂದಿಲ್ಲ. ನೀವು ಪೇಟೆಯಲ್ಲಿಲ್ಲದ ಕಂಪನಿಯೊಂದರ ಷೇರುದಾರರು. ಡಿವಿಡೆಂಡ್ ಘೋಷಿಸಿದರೆ ಬರುತ್ತದೆ, ವಾರ್ಷಿಕ ವರದಿ ಬರುತ್ತದೆ, ಸಭೆಯಲ್ಲಿ ಮತವಿದೆ. ಮೂರು ತಿಂಗಳಿಗೊಮ್ಮೆ ಬರುತ್ತಿದ್ದ ಫಲಿತಾಂಶ ನಿಲ್ಲುತ್ತದೆ. ಮಾರಬೇಕೆಂದರೆ ಖಾಸಗಿ ದಲ್ಲಾಳಿಗಳೇ ಗತಿ, ಅವರು ಹೇಳುವ ಬೆಲೆಯನ್ನು ಹೋಲಿಸಿ ನೋಡಲು ಪರದೆಯ ಮೇಲೆ ಏನೂ ಇರುವುದಿಲ್ಲ.

ಕಾದು ಗೆದ್ದವರೂ ಇದ್ದಾರೆ. ಹೆಕ್ಸಾವೇರ್ 2020ರಲ್ಲಿ 475 ರೂಪಾಯಿಗೆ ಡೀಲಿಸ್ಟ್ ಆಯಿತು. 2025ರ ಫೆಬ್ರವರಿಯಲ್ಲಿ 708 ರೂಪಾಯಿಯ ಐಪಿಒ ಮೂಲಕ ಮರಳಿ ಬಂತು. ನಡುವೆ ಒಂದು ಷೇರು ಎರಡಾಗಿದ್ದರಿಂದ, ಉಳಿಸಿಕೊಂಡವರ ಒಂದು ಹಳೆಯ ಷೇರಿಗೆ ಐಪಿಒ ಬೆಲೆಯಲ್ಲಿ 1,416 ಆಯಿತು. ಐಪಿಒ ಆದ ಮೇಲೂ ಇಂಥ ಹಳೆಯ ಷೇರಿಗೆ ಆರು ತಿಂಗಳ ಲಾಕ್-ಇನ್ ಇರುತ್ತದೆ, ಅಷ್ಟರವರೆಗೆ ಮಾರುವಂತಿಲ್ಲ ಎನ್ನುವುದನ್ನೂ ಸೇರಿಸಿ ಓದಿ. ಅಲ್ಲಿ ಒಡೆತನ ಹೂಡಿಕೆ ಸಂಸ್ಥೆಗಳದ್ದಾಗಿತ್ತು. ಅವರಿಗೆ ಒಂದಲ್ಲ ಒಂದು ದಿನ ಮಾರಿ ಹೊರಹೋಗಲೇಬೇಕು, ಅದಕ್ಕೆ ಪೇಟೆ ಬೇಕು. ಒಡೆಯ ವಿದೇಶಿ ಮಾತೃಕಂಪನಿಯಾಗಿದ್ದರೆ ಅವನಿಗೆ ಮರಳಿ ಬರುವ ಯಾವ ಅವಸರವೂ ಇಲ್ಲ. ಯಾರ ಜೊತೆ ಉಳಿಯುತ್ತಿದ್ದೀರಿ ಎಂಬುದೇ ಮುಖ್ಯ.

ಬಲವಂತವಾಗಿ ಹೊರಹಾಕಬಹುದೇ?

ಹಾಕಬಹುದು. 2013ರ ಕಂಪನಿ ಕಾಯ್ದೆಯ 236ನೇ ಕಲಮು ಶೇ. 90 ಮುಟ್ಟಿದವರಿಗೆ ಉಳಿದವರ ಷೇರು ಕೊಳ್ಳುವ ದಾರಿ ಕೊಡುತ್ತದೆ. ಬೆಲೆ ಕಟ್ಟುವವನು ನೋಂದಾಯಿತ ಮೌಲ್ಯಮಾಪಕ. ದುಡ್ಡನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಕನಿಷ್ಠ ಒಂದು ವರ್ಷ ಇಡಬೇಕು. ನೀವು ಸರ್ಟಿಫಿಕೇಟ್ ಕೊಡದಿದ್ದರೆ ಅದು ರದ್ದಾದಂತೆ ಎಂದು ಕಾಯ್ದೆಯೇ ಹೇಳುತ್ತದೆ. ಈ ಕಲಮಿನ ವ್ಯಾಪ್ತಿಯ ಬಗ್ಗೆ ತಕರಾರುಗಳು ಇರುವುದರಿಂದ ಕಂಪನಿಗಳು ಹೆಚ್ಚಾಗಿ 66ನೇ ಕಲಮಿನ ಬಂಡವಾಳ ಇಳಿಕೆಯ ದಾರಿ ಹಿಡಿಯುತ್ತವೆ. ವಿಶೇಷ ನಿರ್ಣಯ ಮಾಡಿ, ಎನ್‌ಸಿಎಲ್‌ಟಿ ಒಪ್ಪಿಗೆ ಪಡೆದು, ಸಣ್ಣವರ ಷೇರುಗಳನ್ನು ಮಾತ್ರ ದುಡ್ಡು ಕೊಟ್ಟು ರದ್ದು ಮಾಡುವುದು. ನಿರ್ಣಯಕ್ಕೆ ಮುಕ್ಕಾಲು ಪಾಲು ಮತ ಸಾಕು, ಅದು ಒಡೆಯರ ಬಳಿಯೇ ಇದೆ. ಡೀಲಿಸ್ಟಿಂಗ್‌ನಲ್ಲಿದ್ದ ಎರಡು ಪಟ್ಟಿನ ನಿಯಮ ಇಲ್ಲಿಲ್ಲ. ಪುಣೆಯ ಸ್ಯಾಂಡ್ವಿಕ್ ಏಷ್ಯಾ ಪ್ರಕರಣದಲ್ಲಿ 2009ರಲ್ಲೇ ಬಾಂಬೆ ಹೈಕೋರ್ಟ್ ಇದು ಸರಿ ಎಂದಿದೆ.

ಹಾಗಾದರೆ ಹೋರಾಟಕ್ಕೆ ಉಳಿದದ್ದು ಬೆಲೆ. ಇದಕ್ಕೆ ಕ್ಯಾಡ್ಬರಿ ಇಂಡಿಯಾ ನೋಡಬೇಕು. ಈ ಶತಮಾನದ ಆರಂಭದಲ್ಲಿ ಮಾತೃಕಂಪನಿ 500 ರೂಪಾಯಿ ಕೊಟ್ಟು ಸಾರ್ವಜನಿಕರ ಬಹುಪಾಲು ಷೇರು ಕೊಂಡು ಪೇಟೆಯಿಂದ ಹೊರನಡೆಯಿತು. ಒಂದಷ್ಟು ಜನ ಕೊಡದೆ ಉಳಿದರು. 2009ರಲ್ಲಿ ಬಂಡವಾಳ ಇಳಿಕೆಯ ಮೂಲಕ ಅವರನ್ನೂ ಹೊರಹಾಕಲು ಹೊರಟಾಗ ಕಂಪನಿ ಹೇಳಿದ ಬೆಲೆ 1,340. ಆಕ್ಷೇಪಣೆ ಬಂತು, ಹೊಸ ಮೌಲ್ಯಮಾಪನ ಆಯಿತು, ಮತ್ತೆ ಆಕ್ಷೇಪಣೆ. ಕೊನೆಗೆ 2014ರ ಮೇ ತಿಂಗಳಲ್ಲಿ ಬಾಂಬೆ ಹೈಕೋರ್ಟ್ 2,014.50 ರೂಪಾಯಿಗೆ ಒಪ್ಪಿತು. ವಿರೋಧಿಸಿದವರು ಕೇಳಿದ್ದು ಇದಕ್ಕಿಂತ ಬಹಳ ಹೆಚ್ಚು, ಅದು ಸಿಗಲಿಲ್ಲ. ಮೌಲ್ಯಮಾಪನ ಮೇಲ್ನೋಟಕ್ಕೇ ಅನ್ಯಾಯ ಎಂದು ತೋರಿಸಬೇಕಾದವರು ಆಕ್ಷೇಪಿಸುವವರು. ಇದಕ್ಕಿಂತ ಒಳ್ಳೆಯ ಬೆಲೆ ಇದೆಯೇ ಎಂದು ಹುಡುಕುತ್ತಾ ಕೋರ್ಟು ಕೂರುವುದಿಲ್ಲ.

ಆಕ್ಷೇಪಣೆ ಹಾಕುವುದಾದರೆ

ಸಭೆಯ ನೋಟಿಸ್ ಬಂದ ಕೂಡಲೇ ಮೌಲ್ಯಮಾಪನ ವರದಿಯ ಪೂರ್ತಿ ಪ್ರತಿ ಕೇಳಿ ಬರೆಯಿರಿ. ಅದರಲ್ಲಿ ಮೂರು ಕಡೆ ಕಣ್ಣಿಡಿ. ಯಾವ ತಾರೀಖಿನ ಲೆಕ್ಕಪತ್ರ ಬಳಸಿದ್ದಾರೆ? ಹಳೆಯದಾಗಿದ್ದರೆ ಆಮೇಲಿನ ಲಾಭ ಬಿಟ್ಟುಹೋಗಿದೆ. ಜಾಗ, ಕಟ್ಟಡಗಳನ್ನು ಪುಸ್ತಕದ ಬೆಲೆಗೇ ಹಿಡಿದಿದ್ದಾರೆಯೇ? ಷೇರು ಪೇಟೆಯಲ್ಲಿಲ್ಲ, ಮಾರಲು ಕಷ್ಟ ಎಂಬ ಕಾರಣ ಕೊಟ್ಟು ಬೆಲೆ ಕಡಿತ ಮಾಡಿದ್ದಾರೆಯೇ? ಈ ಕೊನೆಯದು ನನಗೆ ಅತ್ಯಂತ ಅನ್ಯಾಯ ಎನಿಸುತ್ತದೆ. ಪೇಟೆಯಿಂದ ತೆಗೆದವರೇ, ಪೇಟೆಯಲ್ಲಿಲ್ಲ ಎಂದು ಬೆಲೆ ಇಳಿಸುವುದು.

ಸಭೆಯಲ್ಲಿ ವಿರುದ್ಧ ಮತ ಹಾಕಿ, ಕಾರಣವನ್ನು ಬರಹದಲ್ಲಿ ಕಳಿಸಿ, ರಿಜಿಸ್ಟರ್ಡ್ ಅಂಚೆಯ ರಸೀದಿ ಇಟ್ಟುಕೊಳ್ಳಿ. ವಿಚಾರಣೆ ನಡೆಯುವುದು ಕಂಪನಿಯ ನೋಂದಾಯಿತ ಕಚೇರಿ ಇರುವ ರಾಜ್ಯದ ಪೀಠದಲ್ಲಿ. ನಾವು ಕೇರಳದವರು ಎಂದು ಕೊಚ್ಚಿಯ ಪೀಠಕ್ಕೆ ಹೋಗಲಾಗದು, ಮುಂಬಯಿ ಕಂಪನಿಗೆ ಮುಂಬಯಿಯೇ. 200 ಷೇರಿಗಾಗಿ ಅಲ್ಲಿ ವಕೀಲರನ್ನು ಇಡುವುದು ಲೆಕ್ಕಕ್ಕೆ ಕೂಡಿ ಬರದು, ಬೇರೆ ಸಣ್ಣ ಷೇರುದಾರರ ಜೊತೆ ಸೇರಿಕೊಂಡರೆ ಮಾತ್ರ ಆದೀತು. ಷೇರುದಾರರ ರಿಜಿಸ್ಟರ್ ನೋಡುವ ಹಕ್ಕು ನಿಮಗಿದೆ, ಜೊತೆಗಾರರನ್ನು ಹುಡುಕಲು ಅದು ಉಪಯೋಗಕ್ಕೆ ಬರುತ್ತದೆ.

ಬಂದ ದುಡ್ಡಿಗೂ ತೆರಿಗೆಯ ಲೆಕ್ಕ ಬೇರೆ. ಬಂಡವಾಳ ಇಳಿಕೆಯಲ್ಲಿ ಸಿಕ್ಕಿದ್ದರಲ್ಲಿ ಕಂಪನಿಯ ಕೂಡಿಟ್ಟ ಲಾಭಕ್ಕೆ ಸಮನಾದ ಪಾಲು ಡಿವಿಡೆಂಡ್ ಎನಿಸಿಕೊಂಡು ನಿಮ್ಮ ಸ್ಲ್ಯಾಬ್ ದರಕ್ಕೆ ಬೀಳುತ್ತದೆ, ಉಳಿದದ್ದು ಮಾತ್ರ ಬಂಡವಾಳ ಲಾಭದ ಲೆಕ್ಕಕ್ಕೆ. ಹಣ ಬಂದಾಗ ಯಾವ ಪಾಲು ಎಷ್ಟು ಎಂದು ಕಂಪನಿಯಿಂದ ಬರಹದಲ್ಲಿ ಪಡೆದುಕೊಳ್ಳಿ. ನ್ಯಾಯಮಂಡಳಿಯ ಆದೇಶವೇ ಒಪ್ಪಿಗೆಯಾಗದಿದ್ದರೆ, ಅದರ ಪ್ರತಿ ಕೈಗೆ ಸಿಕ್ಕ ದಿನದಿಂದ 45 ದಿನದೊಳಗೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು. ಸರಿಯಾದ ಕಾರಣ ತೋರಿಸಿದರೆ ಇನ್ನೂ 45 ದಿನದವರೆಗೆ ಸಿಕ್ಕೀತು, ಅದರಾಚೆ ಇಲ್ಲ.